ವೀಣೆಯ ಚಿತ್ರದಲ್ಲಿ ತಂತಿ ಕಾಣೆಯಾದರೆ ಎಲ್ಲಿಂದ ಹುಡುಕಬೇಕು

ಶಿವಮೊಗ್ಗದ ಒಂದು ಸಭಾಂಗಣದಲ್ಲಿ ಸಂಜೆ ಕಛೇರಿ ಇತ್ತು. ವೇದಿಕೆಯ ಹಿಂದಿನ ಎಲ್‌ಇಡಿ ಪರದೆಗೆ ಚಿತ್ರ ಮಾಡಿಕೊಡುವ ಕೆಲಸ ನನ್ನದು. ವೀಣೆಯನ್ನು ಮೂರು ಆಯಾಮದ ಚಿತ್ರ ಮಾಡುವ Blender ತಂತ್ರಾಂಶದಲ್ಲಿ ಕಟ್ಟಿದ್ದೆ. ಮರದ ಬಣ್ಣ, ಬೆಳಕು, ಯಾಳಿಯ ಹಲ್ಲು ಎಲ್ಲಾ ಮನೆಯ ಮಾನಿಟರಿನಲ್ಲಿ ಚೆನ್ನಾಗಿಯೇ ಕಂಡಿತ್ತು. ಮಧ್ಯಾಹ್ನ ಪರದೆಗೆ ಹಾಕಿ ನೋಡುವಾಗ ವೀಣೆ ಟೀಚರ್ ಬಂದರು. ಎರಡು ನಿಮಿಷ ಸುಮ್ಮನೆ ನಿಂತು ನೋಡಿದರು.

"ಎಂತದೋ ಇದು, ತಂತಿ ಎಲ್ಲಿ ಹೋಯ್ತು?"

"ಏಳೂ ಹಾಕಿದೀನಿ ಟೀಚರ್."

"ನಂಗೆ ಮೂರೇ ಕಾಣ್ತದೆ ಮಾರಾಯ. ಆ ಮೂರೂ ಹಿತ್ತಾಳೆದೇ."

ಹತ್ತಿರ ಹೋಗಿ ಎಣಿಸಿದೆ. ಅವರು ಹೇಳಿದ್ದೇ ಸರಿ. ಮೂರು ಗೆರೆ ಇತ್ತು, ನಾಲ್ಕನೆಯದು ಅಲ್ಲಲ್ಲಿ ತುಂಡು ತುಂಡಾಗಿ ಇತ್ತು. ಎಲ್ಲವೂ ಅರಿಶಿನ ಬಳಿದ ಹಾಗೆ. ಮಾದರಿಯಲ್ಲಿ ಏಳು ತಂತಿ ಇದ್ದದ್ದೂ ನಿಜ, ಪರದೆಯಲ್ಲಿ ಇಲ್ಲದ್ದೂ ನಿಜ. ಅವತ್ತು ಗಾಬರಿಯಲ್ಲಿ ಏನೇನೋ ಬದಲಾಯಿಸಿ ಇನ್ನೂ ಕೆಡಿಸಿದೆ. ಆಮೇಲೆ ಮನೆಯಲ್ಲಿ ಕೂತು ಒಂದೊಂದೇ ಬಿಡಿಸಿ ನೋಡಿದಾಗ ತಿಳಿದದ್ದನ್ನು, ಹುಡುಕಬೇಕಾದ ಕ್ರಮದಲ್ಲೇ, ಇಲ್ಲಿ ಬರೆಯುತ್ತಿದ್ದೇನೆ. ಕ್ರಮ ಮುಖ್ಯ. ಬೆಳಕಿನಿಂದ ಶುರು ಮಾಡಿದರೆ ನನ್ನ ಹಾಗೆ ಅರ್ಧ ದಿನ ಹಾಳಾಗುತ್ತದೆ.

ಮೊದಲು: ಕಾಣಬೇಕಾದದ್ದು ಎಷ್ಟು?

ಸರಸ್ವತಿ ವೀಣೆಗೆ ಏಳು ತಂತಿ. ನಾಲ್ಕು ಮೆಟ್ಟಿಲುಗಳ ಮೇಲೆ ಹೋಗುತ್ತವೆ: ಸಾರಣಿ, ಪಂಚಮ, ಮಂದ್ರ, ಅನುಮಂದ್ರ. ಈ ನಾಲ್ಕರಲ್ಲಿ ಸಾರಣಿ ಎಲ್ಲಕ್ಕಿಂತ ಸಣ್ಣದು, ಅನುಮಂದ್ರ ಎಲ್ಲಕ್ಕಿಂತ ದಪ್ಪ. ಮೊದಲೆರಡು ಉಕ್ಕಿನವು, ಬೆಳ್ಳಗೆ ಹೊಳೆಯುತ್ತವೆ. ಕೊನೆಯೆರಡು ಹಿತ್ತಾಳೆ ಬಣ್ಣದವು. ಉಳಿದ ಮೂರು ತಾಳದ ತಂತಿ. ಅವು ಮೆಟ್ಟಿಲ ಮೇಲೆ ಬರುವುದಿಲ್ಲ. ದಂಡಿಯ ಪಕ್ಕದಲ್ಲಿ, ನುಡಿಸುವವರ ಕಡೆಗೆ, ಬೇರೆಯಾಗಿ ಹೋಗುತ್ತವೆ. ತಂತಿಯನ್ನು ಎತ್ತಿ ಹಿಡಿಯುವ ಮುಖ್ಯ ಕುದುರೆಗೆ ಒರಗಿಕೊಂಡ ಬಾಗಿದ ಸಣ್ಣ ಕುದುರೆಯ ಮೇಲೆ ಕೂರುತ್ತವೆ.

ಈ "ನುಡಿಸುವವರ ಕಡೆಗೆ" ಅನ್ನುವುದನ್ನು ಗಮನಿಸಿ. ಸಭಿಕರು ಎದುರಿಗೆ ಕೂತಿರುತ್ತಾರೆ. ಅವರ ಕಣ್ಣಿನ ಮಟ್ಟದಿಂದ ನೋಡಿದರೆ ತಾಳದ ತಂತಿ ದಂಡಿಯ ಆಚೆ ಬದಿಯಲ್ಲಿ ಮರೆಯಾಗುತ್ತದೆ. ಅಂದರೆ ಎದುರಿನಿಂದ ತೆಗೆದ ಚಿತ್ರದಲ್ಲಿ ಏಳೂ ಕಾಣದಿದ್ದರೆ ಅದು ತಪ್ಪೇ ಅಲ್ಲ. ತಗ್ಗಿನ ಕೋನದ ಚಿತ್ರದಲ್ಲಿ ಏಳೂ ಸಾಲಾಗಿ ಕಂಡರೆ ಅದು ತಪ್ಪು. ಮಾದರಿ ಮಾಡಿದವರು ಏಳನ್ನೂ ಮೆಟ್ಟಿಲ ಮೇಲೆ ಹಾಸಿರುತ್ತಾರೆ, ಇಲ್ಲವೇ ತಾಳದ ತಂತಿಯನ್ನು ಸಭಿಕರ ಬದಿಗೆ ಹಾಕಿರುತ್ತಾರೆ. ಅಂತರ್ಜಾಲದಲ್ಲಿ ದುಡ್ಡು ಕೊಟ್ಟು ತಂದ ಒಂದು ಮಾದರಿಯಲ್ಲೇ ನಾನು ಇದನ್ನು ನೋಡಿದ್ದೇನೆ.

ಹಾಗಾಗಿ ತಂತಿ ಎಣಿಸುವ ಮೊದಲು ಅದನ್ನು ಬಿಗಿಸುವ ಬಿರಡೆ ಎಣಿಸಿ. ಬಿರಡೆ ದಪ್ಪ, ಯಾವ ಚಿತ್ರದಲ್ಲೂ ಕರಗಿಹೋಗುವುದಿಲ್ಲ. ಯಾಳಿಯ ಹತ್ತಿರ ಆಚೆ ಎರಡು, ಈಚೆ ಎರಡು, ಒಟ್ಟು ನಾಲ್ಕು. ದಂಡಿಯ ಪಕ್ಕದಲ್ಲಿ ತಾಳಕ್ಕೆ ಮೂರು. ಬಿರಡೆಯ ಲೆಕ್ಕ ಸರಿ ಇದ್ದು ತಂತಿ ಕಾಣದಿದ್ದರೆ ದೋಷ ಚಿತ್ರ ತೆಗೆಯುವುದರಲ್ಲಿದೆ. ಬಿರಡೆಯೇ ತಪ್ಪಿದ್ದರೆ ಮಾದರಿಯಲ್ಲಿದೆ, ಮುಂದಿನದ್ದನ್ನು ಓದುವ ಮೊದಲು ಅದನ್ನು ಸರಿಮಾಡಿ.

ಇನ್ನೊಂದು ಈಗಲೇ ನೋಡಿಬಿಡಿ. ವೀಣೆಯ ಕೊಡ ಚಿತ್ರದ ಎಡಕ್ಕಿದೆಯಾ, ಬಲಕ್ಕಿದೆಯಾ? ನುಡಿಸುವವರ ಬಲಕ್ಕೆ ಕೊಡ ಇರುತ್ತದೆ. ಎದುರಿನಿಂದ ನೋಡುವವರಿಗೆ ಅದು ಎಡಕ್ಕೆ. ಅಕ್ಷರಕ್ಕೆ ಜಾಗ ಬೇಕು ಅಂತ ಡಿಸೈನ್ ಮಾಡುವವರು ಚಿತ್ರವನ್ನು ತಿರುಗಿಸಿಬಿಡುತ್ತಾರೆ, ಆಗ ಕಲಾವಿದರು ಎಡಗೈಯವರಾಗಿಬಿಡುತ್ತಾರೆ. ಗಿಟಾರಿಗೂ ಇದೇ ಪರೀಕ್ಷೆ: ನೋಡುವವರ ಎಡಕ್ಕೆ ಹೊಟ್ಟೆ, ಬಲಕ್ಕೆ ಕತ್ತು. ತಬಲಾದಲ್ಲಿ ಮರದ ದಾಯಾಂ ನೋಡುವವರ ಎಡಕ್ಕೆ, ಲೋಹದ ಡಗ್ಗಾ ಬಲಕ್ಕೆ. ಎಡಗೈ ಕಲಾವಿದರೇ ನುಡಿಸುತ್ತಿದ್ದರೆ ಮಾತು ಬೇರೆ.

ತಂತಿಗೆ ಎಷ್ಟು ಪಿಕ್ಸೆಲ್ ಸಿಗುತ್ತದೆ?

ನನ್ನ ದೋಷದ ಮುಕ್ಕಾಲು ಪಾಲು ಇಲ್ಲೇ ಇತ್ತು. ಬಾಡಿಗೆಗೆ ಬರುವ ಎಲ್‌ಇಡಿ ಪರದೆಯನ್ನು ಚೌಕ ಪೆಟ್ಟಿಗೆಗಳನ್ನು ಜೋಡಿಸಿ ಕಟ್ಟುತ್ತಾರೆ. ಅವತ್ತಿನ ಪೆಟ್ಟಿಗೆಗಳು 500 ಮಿಲಿಮೀಟರ್ ಅಗಲದವು, ಒಂದರಲ್ಲಿ 128 ದೀಪದ ಸಾಲು. ಬಾಡಿಗೆಯವರು ಇದನ್ನೇ "ಪಿ 3.91" ಅನ್ನುತ್ತಾರೆ, ಅಂದರೆ ಒಂದು ದೀಪದಿಂದ ಇನ್ನೊಂದಕ್ಕೆ 3.91 ಮಿಲಿಮೀಟರ್. ಅಗಲಕ್ಕೆ ಎಂಟು, ಎತ್ತರಕ್ಕೆ ಐದು ಪೆಟ್ಟಿಗೆ. ಪರದೆ ನೋಡಲಿಕ್ಕೆ ನಾಲ್ಕು ಮೀಟರ್ ಅಗಲದ ದೊಡ್ಡ ಗೋಡೆ. ಆದರೆ ಪಿಕ್ಸೆಲ್ ಲೆಕ್ಕದಲ್ಲಿ ಬರೀ 1024 ಅಗಲ, 640 ಎತ್ತರ. ನಮ್ಮ ಜೇಬಿನ ಮೊಬೈಲಿನಲ್ಲಿ ಇದಕ್ಕಿಂತ ಜಾಸ್ತಿ ಇರುತ್ತದೆ!

ನಾನು ಮಾಡಿದ ಚಿತ್ರ 3840 ಪಿಕ್ಸೆಲ್ ಅಗಲದ್ದು. ವೀಣೆ ಅದರ ಶೇಕಡಾ 80 ಜಾಗ ತುಂಬಿತ್ತು. ವೀಣೆಯ ಉದ್ದ ಸುಮಾರು ನಾಲ್ಕು ಅಡಿ, 1200 ಮಿಲಿಮೀಟರ್ ಅಂತ ಇಟ್ಟುಕೊಳ್ಳೋಣ. ಮಾನಿಟರಿನಲ್ಲಿ ಒಂದು ಪಿಕ್ಸೆಲ್ ಅಂದರೆ ವೀಣೆಯ ಮೇಲೆ 0.39 ಮಿಲಿಮೀಟರ್. ನನ್ನ ಮಾದರಿಯ ಸಾರಣಿ 0.3 ಮಿಲಿಮೀಟರ್ ದಪ್ಪ. ಮುಕ್ಕಾಲು ಪಿಕ್ಸೆಲ್ ಸಿಕ್ಕಿತು, ತಂತಿ ಕಂಡಿತು.

ಅದೇ ಚಿತ್ರ ಪರದೆಗೆ ಹೋದಾಗ ವೀಣೆಗೆ ಸಿಕ್ಕಿದ್ದು 820 ಪಿಕ್ಸೆಲ್. ಒಂದು ಪಿಕ್ಸೆಲ್ ಅಂದರೆ ಈಗ 1.46 ಮಿಲಿಮೀಟರ್. ಸಾರಣಿಗೆ ಉಳಿದದ್ದು ಪಿಕ್ಸೆಲಿನ ಐದನೇ ಒಂದು ಪಾಲು. ಆ ಪಿಕ್ಸೆಲಿನ ಬಣ್ಣದಲ್ಲಿ ಒಂದು ಪಾಲು ತಂತಿ, ನಾಲ್ಕು ಪಾಲು ಹಿಂದಿನ ಮರ. ಮರವೇ ಗೆಲ್ಲುತ್ತದೆ. ದಪ್ಪಗಿದ್ದ ಹಿತ್ತಾಳೆ ತಂತಿಗಳು ಹೇಗೋ ಉಳಿದುಕೊಂಡವು, ಸಣ್ಣ ಉಕ್ಕಿನ ತಂತಿಗಳು ಕರಗಿದವು. ಟೀಚರ್ ಹೇಳಿದ "ಹಿತ್ತಾಳೆದೇ" ಅನ್ನುವ ಮಾತಿಗೆ ಅರ್ಧ ಕಾರಣ ಇದು.

ಗುರುತಿಸುವುದು ಸುಲಭ. ಪರದೆಯ ಪಿಕ್ಸೆಲ್ ಅಗಲವನ್ನು ಬಾಡಿಗೆಯವರನ್ನು ಕೇಳಿ, ಅಡಿ ಲೆಕ್ಕ ಬೇಡ. ಚಿತ್ರವನ್ನು ಅಷ್ಟಕ್ಕೇ ಇಳಿಸಿ ಮಾನಿಟರಿನಲ್ಲಿ ನೂರಕ್ಕೆ ನೂರು ಅಳತೆಯಲ್ಲಿ ನೋಡಿ. ತಂತಿ ಅಲ್ಲೇ ಮಾಯವಾದರೆ ದೋಷ ಅಳತೆಯದು. ಅಲ್ಲಿ ಕಂಡು ಪರದೆಯಲ್ಲಿ ಕಾಣದಿದ್ದರೆ ನಡುವೆ ಎಲ್ಲೋ ಚಿತ್ರ ಹಾಳಾಗಿದೆ. ಸಾಮಾನ್ಯವಾಗಿ ಮೊಬೈಲ್ ಮೆಸೇಜಿನಲ್ಲಿ ಫೋಟೋ ಅಂತ ಕಳಿಸಿದಾಗ ಅದು ಕುಗ್ಗಿರುತ್ತದೆ. ಫೈಲ್ ಆಗಿ ಕಳಿಸಿ, ಇಲ್ಲವೇ ಪೆನ್‌ಡ್ರೈವ್ ಕೊಡಿ.

ಇದಕ್ಕೆ ಮೊದಲು ತೋಚುವ ಪರಿಹಾರ ತಂತಿಯನ್ನು ದಪ್ಪ ಮಾಡುವುದು. ನಾನೂ ಅದನ್ನೇ ಮಾಡಿದೆ. ಸಾರಣಿ 1 ಮಿಲಿಮೀಟರ್, ಅನುಮಂದ್ರ 1.6. ಕಂಡವು, ಆದರೆ ನಾಲ್ಕೂ ಸೇರಿ ಒಂದು ಪಟ್ಟಿಯ ಹಾಗೆ ಕಂಡವು. ಯಾಕೆ ಅಂತ ಲೆಕ್ಕ ಹಾಕಿದೆ. ನನ್ನ ಮಾದರಿಯಲ್ಲಿ ತಂತಿ ತಂತಿಯ ನಡುವೆ 8 ಮಿಲಿಮೀಟರ್ ಇದೆ. ಕ್ಯಾಮೆರಾ ನೆಲದಿಂದ 25 ಡಿಗ್ರಿ ಮೇಲಿತ್ತು. ಮೆಟ್ಟಿಲ ಹಾಸು ಮಟ್ಟಸವಾಗಿ ಮಲಗಿದ್ದರೆ ಆ ಕೋನದಿಂದ 8 ಮಿಲಿಮೀಟರ್ ಕಾಣುವುದು 3.4ರಷ್ಟು ಮಾತ್ರ. ಪರದೆಯಲ್ಲಿ ಅದು ಎರಡೂಕಾಲು ಪಿಕ್ಸೆಲ್. ಅಷ್ಟರೊಳಗೆ ತಂತಿಯೂ ಬರಬೇಕು, ಸಂದೂ ಬರಬೇಕು. ಆಗದ ಮಾತು.

ಕ್ಯಾಮೆರಾವನ್ನು 45 ಡಿಗ್ರಿಗೆ ಎತ್ತಿದೆ. ಸಂದು ಸುಮಾರು ನಾಲ್ಕು ಪಿಕ್ಸೆಲ್ ಆಯಿತು, ಆಚೆ ಬದಿಯ ತಾಳದ ತಂತಿಯೂ ಇಣುಕಿತು. ಆದರೂ ತೃಪ್ತಿಯಾಗಲಿಲ್ಲ. ಕೊನೆಗೆ ಮಾಡಿದ್ದು ಇಡೀ ವೀಣೆ ತೋರಿಸುವ ಆಸೆಯನ್ನೇ ಬಿಟ್ಟದ್ದು. ಕೊಡ, ಕುದುರೆ, ಕೊನೆಯ ಕೆಲವು ಮೆಟ್ಟಿಲು ಸೇರಿ 400 ಮಿಲಿಮೀಟರ್ ಭಾಗವನ್ನು ಮಾತ್ರ ಪರದೆ ತುಂಬ ಹಾಕಿದೆ. ಈಗ ಒಂದು ಪಿಕ್ಸೆಲ್ ಮತ್ತೆ 0.39 ಮಿಲಿಮೀಟರ್, ಮಾನಿಟರಿನಲ್ಲಿ ಕಂಡಿದ್ದಷ್ಟೇ. ತಂತಿಯನ್ನು ನಿಜವಾದ ದಪ್ಪಕ್ಕೇ ಇಳಿಸಿದೆ. ಸಂದು ಹದಿನಾಲ್ಕು ಪಿಕ್ಸೆಲ್. ಇಡೀ ವೀಣೆಯೇ ಬೇಕು ಅಂತ ಆಯೋಜಕರು ಹಟ ಹಿಡಿದರೆ 45 ಡಿಗ್ರಿ ಮತ್ತು ದಪ್ಪ ತಂತಿಯೇ ಗತಿ. ಆಗಲೂ ಸಾರಣಿಗಿಂತ ಅನುಮಂದ್ರ ದಪ್ಪ ಅನ್ನುವ ಅನುಪಾತವನ್ನು ಬಿಡಬೇಡಿ. ನಾಲ್ಕೂ ಒಂದೇ ದಪ್ಪ ಇದ್ದರೆ ನುಡಿಸುವವರ ಕಣ್ಣಿಗೆ ಅದು ಬಟ್ಟೆ ಒಣಗಿಸುವ ಹಗ್ಗದ ಸಾಲು.

ಅಳತೆ ಸರಿ ಇದ್ದೂ ತಂತಿ ತುಂಡಾಗಿದ್ದರೆ

ಪಿಕ್ಸೆಲ್ ಲೆಕ್ಕ ಸರಿಹೋದ ಮೇಲೂ ನನಗೆ ಒಂದು ತೊಂದರೆ ಉಳಿದಿತ್ತು. ತಂತಿ ಕುದುರೆಯ ಹತ್ತಿರ ಚೆನ್ನಾಗಿ ಹೊಳೆದು ಆಮೇಲೆ ಮಾಯ. ಇದಕ್ಕೆ ಎರಡು ಕಾರಣ ಇರಬಹುದು, ಎರಡನ್ನೂ ಬೇರೆ ಮಾಡಿ ನೋಡಬೇಕು.

ಒಂದು, ಕಾಳು ತೆಗೆಯುವ ಸಾಧನ. Blender ಚಿತ್ರ ತೆಗೆಯುವ Cycles ನಲ್ಲಿ ಚಿತ್ರದ ಮರಳು ಮರಳು ಕಲೆಗಳನ್ನು ಒರೆಸಲು Denoise ಹಾಕಿರುತ್ತೇವೆ. ಅದಕ್ಕೆ ಮುಕ್ಕಾಲು ಪಿಕ್ಸೆಲಿನ ತಂತಿಯೂ ಕಲೆಯ ಹಾಗೇ ಕಾಣುತ್ತದೆ, ಸೇರಿಸಿ ಒರೆಸಿಬಿಡುತ್ತದೆ. ಪರೀಕ್ಷೆ ಹೀಗೆ. ಕ್ಯಾಮೆರಾ ನೋಟದಲ್ಲಿ Ctrl+B ಒತ್ತಿ ತಂತಿ ಇರುವ ಸಣ್ಣ ಚೌಕವನ್ನು ಮಾತ್ರ ಆರಿಸಿ. Denoise ತೆಗೆದು, ಸ್ಯಾಂಪಲ್ ಜಾಸ್ತಿ ಮಾಡಿ ಅಷ್ಟನ್ನೇ ರೆಂಡರ್ ಮಾಡಿ. ಕಾಳುಕಾಳಾಗಿಯಾದರೂ ತಂತಿ ಪೂರ್ತಿ ಇದ್ದರೆ ಕಳ್ಳ ಸಿಕ್ಕಿದ. ಆಗ Passes ಅನ್ನು Albedo and Normal ಗೆ, Prefilter ಅನ್ನು Accurate ಗೆ ಇಟ್ಟು ನೋಡಿ. ಹಾಗೆ ಇಟ್ಟರೆ ಬೆಳಕಿನ ಜೊತೆಗೆ ವಸ್ತುವಿನ ಬಣ್ಣ ಮತ್ತು ಮೇಲ್ಮೈ ತಿರುಗಿದ ದಿಕ್ಕನ್ನೂ ಅದು ನೋಡುತ್ತದೆ, ತಂತಿಯ ಅಂಚು ಉಳಿಯುತ್ತದೆ. ಅದೂ ಸಾಲದಿದ್ದರೆ ಸ್ಯಾಂಪಲ್ ಹೆಚ್ಚಿಸಿ Denoise ಬಿಡುವುದೇ ದಾರಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಭರವಸೆ ಇಲ್ಲ, ಉದ್ದದ ರೆಂಡರ್ ಹಾಕುವಾಗ ಇಡೀ ಚಿತ್ರವನ್ನು ಹಾಕದೆ ತಂತಿಯ ಚೌಕವನ್ನು ಬೇರೆ ಮಾಡಿ ಆಮೇಲೆ ಅಂಟಿಸಿಕೊಳ್ಳುತ್ತೇನೆ.

ಎರಡನೆಯ ಕಾರಣ ಬೆಳಕಿನ ಆಕಾರ. ನನ್ನ ಚಿತ್ರದಲ್ಲಿ ಇದ್ದದ್ದು ಇದೇ. ಹೊಳೆಯುವ ತಂತಿ ಅಂದರೆ ಉದ್ದದ ಕನ್ನಡಿ. ತಂತಿಯ ಮೇಲೆ ಯಾವ ಜಾಗದಲ್ಲಿ ದೀಪದ ಕೋನವೂ ಕ್ಯಾಮೆರಾದ ಕೋನವೂ ಸಮವಾಗುತ್ತವೋ ಅಲ್ಲಿ ಮಾತ್ರ ಅದು ಮಿಂಚುತ್ತದೆ. ಸಣ್ಣ ಸ್ಪಾಟ್ ದೀಪ ಒಂದೇ ಇದ್ದರೆ ಅಂಥ ಜಾಗ ಪ್ರತಿ ತಂತಿಯಲ್ಲೂ ಒಂದೇ ಒಂದು. ಉಳಿದ ಉದ್ದಕ್ಕೆ ತಂತಿ ಕತ್ತಲೆಯ ಸಭಾಂಗಣವನ್ನು ಪ್ರತಿಫಲಿಸುತ್ತದೆ, ಅಂದರೆ ಕಪ್ಪಗಾಗುತ್ತದೆ, ಕಪ್ಪು ಮರದ ಮೇಲೆ ಕಾಣುವುದಿಲ್ಲ. ದೀಪದ ಬಲ ಹೆಚ್ಚಿಸಿದರೆ ಆ ಒಂದು ಚುಕ್ಕೆ ಇನ್ನೂ ಉರಿಯುತ್ತದೆ ಅಷ್ಟೆ. ನಾನು ಮೂರು ಸಲ ಹೆಚ್ಚಿಸಿದ್ದೆ.

ಗುರುತು ಹೀಗಿದೆ: ಮಿಂಚುವ ಚುಕ್ಕೆಗಳು ಪಕ್ಕಪಕ್ಕದ ತಂತಿಗಳಲ್ಲಿ ಒಂದೇ ಸಾಲಿನಲ್ಲಿದ್ದು, ದೀಪವನ್ನು ಜರುಗಿಸಿದಾಗ ಸಾಲೂ ಜರುಗಿದರೆ ಇದೇ ಕಾರಣ. ಕಾಳು ತೆಗೆಯುವ ಸಾಧನದ ಕಾಟವಾದರೆ ತುಂಡುಗಳು ಕಂಡಕಂಡಲ್ಲಿ ಇರುತ್ತವೆ.

ಪರಿಹಾರ ಟ್ಯೂಬ್‌ಲೈಟ್ ಆಕಾರದ ದೀಪ. ತಂತಿಗೆ ಸಮಾನಾಂತರವಾಗಿ, ವೀಣೆಗಿಂತ ಉದ್ದವಾದ ಒಂದು Area ದೀಪವನ್ನು ಹಿಂದೆ ಮೇಲುಗಡೆ ಇಟ್ಟೆ. ಉದ್ದ ಎರಡು ಮೀಟರ್, ಅಗಲ 15 ಸೆಂಟಿಮೀಟರ್. ಈಗ ತಂತಿಯ ಉದ್ದಕ್ಕೂ ಎಲ್ಲಿ ನೋಡಿದರೂ ದೀಪದ ಒಂದಲ್ಲ ಒಂದು ಭಾಗ ಸರಿಯಾದ ಕೋನಕ್ಕೆ ಸಿಗುತ್ತದೆ. ಬಿರಡೆಯಿಂದ ಕುದುರೆಯವರೆಗೆ ಗೆರೆ ಎಳೆದ ಹಾಗೆ ತಂತಿ ಬಂತು. ಸ್ಪಾಟ್ ದೀಪವನ್ನು ತೆಗೆಯಲಿಲ್ಲ, ಕೊಡದ ಮೇಲೆ ವೇದಿಕೆಯ ವೃತ್ತ ಬೀಳಲು ಅದು ಬೇಕು. ತಂತಿಗೆ ಬೇರೆ ದೀಪ, ಮರಕ್ಕೆ ಬೇರೆ ದೀಪ. ನಿಜವಾದ ಕ್ಯಾಮೆರಾದಲ್ಲಿ ವೀಣೆಯ ಫೋಟೋ ತೆಗೆಯುವವರಿಗೂ ಇದು ಹೊಂದುತ್ತದೆ, ಬಿಳಿ ಪಂಚೆಯನ್ನು ಉದ್ದಕ್ಕೆ ಕಟ್ಟಿ ಅದರ ಹಿಂದಿನಿಂದ ಬೆಳಕು ಬಿಟ್ಟರೂ ಸಾಕು.

ಎಲ್ಲವೂ ಹಿತ್ತಾಳೆಯಾಗಿದ್ದರೆ

ವೇದಿಕೆಯ ಬೆಚ್ಚನೆಯ ಬೆಳಕು ಅಂದಾಗ ಎಲ್ಲರೂ ಬೆಳಕಿನ ಬಣ್ಣಕ್ಕೆ 3200 ಕೆಲ್ವಿನ್ ಹಾಕುತ್ತಾರೆ. ಹಳೆಯ ಹ್ಯಾಲೊಜೆನ್ ವೇದಿಕೆ ದೀಪದ ಬಣ್ಣ ಅದೇ, ಸಂಖ್ಯೆ ತಪ್ಪಲ್ಲ. ತಪ್ಪಾಗುವುದು ಎಲ್ಲಿ ಅಂದರೆ, ಸಭಾಂಗಣದಲ್ಲಿ ಕೂತ ನಮ್ಮ ಕಣ್ಣು ಐದು ನಿಮಿಷದಲ್ಲಿ ಆ ಬೆಳಕಿಗೆ ಒಗ್ಗಿಕೊಳ್ಳುತ್ತದೆ, ಬಿಳಿ ಪಂಚೆ ಬಿಳಿಯಾಗಿಯೇ ಕಾಣುತ್ತದೆ. ರೆಂಡರ್ ಒಗ್ಗಿಕೊಳ್ಳುವುದಿಲ್ಲ. ಅದಕ್ಕೆ ಬಿಳಿ ಅಂದರೆ 6500 ಕೆಲ್ವಿನ್. ಅದರ ಲೆಕ್ಕದಲ್ಲಿ 3200ರ ಬೆಳಕು ಸುಮಾರು ಕೆಂಪು 255, ಹಸಿರು 185, ನೀಲಿ 120. ಒಳ್ಳೆ ಕಿತ್ತಳೆ ಬಣ್ಣ.

ಉಕ್ಕಿಗೆ ತನ್ನದೇ ಬಣ್ಣ ಅಂತ ಹೆಚ್ಚೇನಿಲ್ಲ, ಬಿದ್ದ ಬೆಳಕನ್ನೇ ತಿರುಗಿಸಿ ಕೊಡುತ್ತದೆ. ಹಾಗಾಗಿ ಈ ಬೆಳಕಿನಲ್ಲಿ ಸಾರಣಿ ಹಗಲಲ್ಲಿ ನೋಡಿದ ಹಿತ್ತಾಳೆಗಿಂತ ಹಳದಿಯಾಗುತ್ತದೆ. ಪಕ್ಕದ ಹಿತ್ತಾಳೆ ತಂತಿ ಇನ್ನೂ ಸ್ವಲ್ಪ ಕೆಂಪಗಾಗುತ್ತದೆ, ಆದರೆ ಕಿತ್ತಳೆಯ ನಡುವೆ ಆ ವ್ಯತ್ಯಾಸ ಕಣ್ಣಿಗೆ ಹತ್ತುವುದಿಲ್ಲ. ಟೀಚರ್ ಮಾತಿನ ಉಳಿದ ಅರ್ಧ ಇದು.

ಪರೀಕ್ಷೆಗೆ ವೀಣೆಯ ಪಕ್ಕ ಒಂದು ಬೂದು ಬಣ್ಣದ ಚೆಂಡು ಇಟ್ಟು ರೆಂಡರ್ ಮಾಡಿ. ಚೆಂಡೇ ಕಿತ್ತಳೆ ಹಣ್ಣಿನ ಹಾಗಿದ್ದರೆ ದೋಷ ಬೆಳಕಿನದು. ಚೆಂಡು ಸ್ವಲ್ಪ ಮಾತ್ರ ಬೆಚ್ಚಗಿದ್ದು ತಂತಿ ಹಳದಿಯಾಗಿದ್ದರೆ ಉಕ್ಕಿನ ತಂತಿಗೆ ಹಿತ್ತಾಳೆಯ ಮೆಟೀರಿಯಲ್ ಅಂಟಿದೆ. ಏಳಕ್ಕೂ ಒಂದೇ ಮೆಟೀರಿಯಲ್ ಹಾಕಿ ಮರೆಯುವುದು ತೀರಾ ಸಾಮಾನ್ಯ. ಬಣ್ಣವನ್ನು ಸಂಖ್ಯೆಯಲ್ಲಿ ಅಳೆಯುವಾಗ ಮಿಂಚಿ ಸುಟ್ಟುಹೋದ ಜಾಗವನ್ನು ಮುಟ್ಟಬೇಡಿ, ಅಲ್ಲಿ ಎಲ್ಲ ಲೋಹವೂ ಒಂದೇ.

ನಾನು ಸ್ಪಾಟ್ ದೀಪವನ್ನು 3200ರಲ್ಲೇ ಬಿಟ್ಟೆ. ತಂತಿಗೆ ಇಟ್ಟ ಉದ್ದದ ದೀಪವನ್ನು 5600 ಮಾಡಿದೆ. ಹೊಸ ಆವೃತ್ತಿಗಳಲ್ಲಿ Color Management ಕೆಳಗೆ White Balance ಇದೆ, ಅದನ್ನು 4300ಕ್ಕೆ ಇಟ್ಟೆ. ಈಗ ಮರದ ಮೇಲೆ ಬೀಳುವುದು ಬೆಚ್ಚನೆಯ ಬೆಳಕು, ಉಕ್ಕಿನ ತಂತಿಯ ಮಿಂಚು ಸ್ವಲ್ಪ ತಣ್ಣಗೆ, ಹಿತ್ತಾಳೆಯದು ಹಿತ್ತಾಳೆಯಾಗಿ. 3200 ಅಂತ ಪೂರ್ತಿ ಸರಿಪಡಿಸಿಬಿಟ್ಟರೆ ಬೆಚ್ಚಗಿನ ಭಾವವೇ ಹೋಗಿ ಅಂಗಡಿಯ ಟ್ಯೂಬ್‌ಲೈಟಿನ ಹಾಗಾಗುತ್ತದೆ, ಅದಕ್ಕೇ ನಡುವಿನ ಸಂಖ್ಯೆ. ಎಲ್‌ಇಡಿ ಪರದೆ ತಾನೇ ನೀಲಿಯ ಕಡೆ ವಾಲಿರಬಹುದು, ಬಿಳಿ ಹಾಳೆಯ ಚಿತ್ರ ಒಂದನ್ನು ಮೊದಲು ಹಾಕಿ ನೋಡುವುದು ವಾಸಿ.

ಮೆಟ್ಟಿಲು ಮತ್ತು ಮರ

ತಂತಿ ಸರಿಯಾದ ಮೇಲೆ ನುಡಿಸುವವರ ಕಣ್ಣು ಮೆಟ್ಟಿಲಿಗೆ ಹೋಗುತ್ತದೆ. ವೀಣೆಗೆ 24 ಮೆಟ್ಟಿಲು, ಎರಡು ಸ್ಥಾಯಿಗೆ ತಲಾ 12. ಯಾಳಿಯ ಕಡೆ ದೂರ ದೂರ, ಕೊಡದ ಕಡೆ ಒತ್ತೊತ್ತಾಗಿ. ಸಮ ಅಂತರದಲ್ಲಿ ನಕಲು ಹೊಡೆದ ಮೆಟ್ಟಿಲು ತಪ್ಪು ಮಾದರಿಯ ಗುರುತು. ಯಾಳಿಯ ಕಡೆಯಿಂದ ಅಳೆಯಲು Python ನ ಮೂರು ಸಾಲು ಸಾಕು, ಇಲ್ಲಿ ತಂತಿ ನುಡಿಯುವ ಉದ್ದ 840 ಮಿಲಿಮೀಟರ್:

```
L = 840
for n in range(1, 25):
    print(n, round(L * (1 - 2 ** (-n / 12)), 1))
```

12ನೆಯ ಮೆಟ್ಟಿಲು 420ಕ್ಕೆ, ಅಂದರೆ ಸರಿ ಅರ್ಧಕ್ಕೆ ಬರಬೇಕು. 24ನೆಯದು 630ಕ್ಕೆ, ಮುಕ್ಕಾಲಿಗೆ. ಮೊದಲ ಸಂದು 47 ಮಿಲಿಮೀಟರ್, ಕೊನೆಯದು 12.5. ಇಷ್ಟು ಹೊಂದಿದರೆ ಉಳಿದದ್ದು ತಾನಾಗಿ ಹೊಂದುತ್ತದೆ. ನಿಜವಾದ ವೀಣೆಯಲ್ಲಿ ಮೇಳ ಕಟ್ಟುವವರು ಮೇಣದಲ್ಲಿ ಮೆಟ್ಟಿಲು ಕೂರಿಸಿ ಕಿವಿಯಿಂದ ಸರಿ ಮಾಡುತ್ತಾರೆ, ಹಾಗಾಗಿ ಒಂದೆರಡು ಮಿಲಿಮೀಟರ್ ಆಚೆ ಈಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ. ಮೆಟ್ಟಿಲು ನೇರ ಮರದ ಮೇಲೆ ಕೂತಂತೆ ಇರಬಾರದು, ಕೆಳಗೆ ಕಪ್ಪು ಮೇಣದ ದಿಂಡು ಕಾಣಬೇಕು. ಗಿಟಾರಿಗೂ ಇದೇ ಸೂತ್ರ, `L` ಮಾತ್ರ ಸುಮಾರು 650.

ಮರದಲ್ಲಿ ಹೆಚ್ಚಾಗಿ ಆಗುವ ತಪ್ಪು ಒಂದೇ: ಹಲಗೆಯ ಫೋಟೋವನ್ನು ಕೊಡಕ್ಕೆ ಬಟ್ಟೆಯ ಹಾಗೆ ಸುತ್ತುವುದು. ಕೊಡವನ್ನು ಹಲಸಿನ ದಿಮ್ಮಿಯಿಂದ ಕೊರೆದು ಮಾಡುತ್ತಾರೆ. ಮಲೆನಾಡಿನ ಮನೆಗಳಲ್ಲಿ ಮರದ ಮರಿಗೆ ಇದ್ದರೆ ಅದನ್ನು ಮಗುಚಿ ನೋಡಿ. ಪಕ್ಕದಲ್ಲಿ ಎಳೆ ಉದ್ದಕ್ಕೆ ಹೋಗುತ್ತದೆ. ತಳದಲ್ಲಿ ಒಂದರೊಳಗೊಂದು ಮೊಟ್ಟೆಯಾಕಾರದ ಗೆರೆ ಬರುತ್ತದೆ. ದಿಮ್ಮಿಯ ತುದಿ ಇದ್ದ ಕಡೆ ಎಳೆಯೇ ಕಾಣದೆ ಚುಕ್ಕೆ ಚುಕ್ಕೆ. ಕೊಡದಲ್ಲೂ ಹಾಗೇ ಬರಬೇಕು. ಸುತ್ತಿದ ಫೋಟೋದಲ್ಲಿ ಇದು ಬರುವುದಿಲ್ಲ, ಬದಲಿಗೆ ಗೆರೆಗಳು ಒಂದು ಕಡೆ ಗುಂಪಾಗಿ ಚಿವುಟಿದ ಹಾಗಾಗುತ್ತವೆ, ಎಲ್ಲೋ ಒಂದು ಹೊಲಿಗೆ ಕಾಣುತ್ತದೆ.

ಹಾಗಾಗಿ ಕೊಡಕ್ಕೆ ಫೋಟೋ ಬೇಡ. Wave Texture ಅನ್ನು Rings ಗೆ ಇಟ್ಟು, Texture Coordinate ನ Object ನಿಂದ ಜೋಡಿಸಿ, ಉಂಗುರಗಳ ನಡು ವೀಣೆಯ ಉದ್ದಕ್ಕೆ ಹೋಗುವಂತೆ ತಿರುಗಿಸಿ. ಆಗ ಮಾದರಿ ನಿಜವಾದ ದಿಮ್ಮಿಯಿಂದ ಕೊರೆದ ಹಾಗೆ ವರ್ತಿಸುತ್ತದೆ. ದಿಮ್ಮಿಯ ನಡುವನ್ನು ಕೊಡದ ನಡುವಿಗೆ ಇಡಬೇಡಿ, ಹೊರಗೆ ಜರುಗಿಸಿ, ಇಲ್ಲದಿದ್ದರೆ ತುದಿಯಲ್ಲಿ ಗುರಿಹಲಗೆ ಮೂಡುತ್ತದೆ. ಹಲಸಿನಲ್ಲಿ ಉಂಗುರಗಳು ಎದ್ದು ಕಾಣುವುದಿಲ್ಲ, ಬಣ್ಣದ ವ್ಯತ್ಯಾಸ ತೀರಾ ಕಡಿಮೆ ಇಟ್ಟು ಎಳೆಯ ಉದ್ದಕ್ಕೆ ಸಣ್ಣ ಕಪ್ಪು ಗೀರುಗಳನ್ನು ಸೇರಿಸಿ. ಹೊಸ ಹಲಸು ಹಳದಿ, ಹಳೆಯದಾದಂತೆ ಕಂದು. ಕೊಡದ ಮೇಲಿನ ಹಲಗೆ ಬೇರೆ ತುಂಡು. ಅದರ ಎಳೆ ತಂತಿಯ ದಿಕ್ಕಿಗೆ ನೇರ, ಅಲ್ಲಿ ಮಾತ್ರ ಫೋಟೋ ನಡೆಯುತ್ತದೆ. ನಾನು ತೀರ್ಥಹಳ್ಳಿ ಕಡೆಯ ಒಂದು ಹಳೇ ಮನೆಯ ಹಲಸಿನ ಬಾಗಿಲನ್ನು ಮೋಡ ಕವಿದ ದಿನ ತೆಗೆದದ್ದನ್ನು ಬಳಸುತ್ತೇನೆ. ಬಿಸಿಲಲ್ಲಿ ತೆಗೆದರೆ ಹಳೆಯ ನೆರಳು ಫೋಟೋದಲ್ಲೇ ಉಳಿದು ಸ್ಪಾಟ್ ದೀಪದ ಜೊತೆ ಜಗಳವಾಡುತ್ತದೆ.

ಗಿಟಾರಿನ ಮುಂದಿನ ಹಲಗೆಗೆ ಎರಡೇ ಮಾತು. ಎಳೆ ತಂತಿಗೆ ಸಮಾನಾಂತರ, ನಡುಗೆರೆಯ ಆಚೆ ಈಚೆ ಕನ್ನಡಿಯ ಹಾಗೆ ಒಂದೇ ವಿನ್ಯಾಸ. ತಂತಿ ಆರು. ಸ್ಟೀಲ್ ತಂತಿಯ ಗಿಟಾರಾದರೆ ಸಾಮಾನ್ಯವಾಗಿ ಸಣ್ಣ ಎರಡು ಬರೀ ತಂತಿ, ಉಳಿದ ನಾಲ್ಕು ಕಂಚಿನ ಸುತ್ತು ಇರುವವು. ತಬಲಾದಲ್ಲಿ ನೋಡಬೇಕಾದದ್ದು ಕರಣೆ ಅನ್ನುವ ಕಪ್ಪು ವೃತ್ತ: ದಾಯಾಂನಲ್ಲಿ ನಡುವೆ, ಡಗ್ಗಾದಲ್ಲಿ ಒಂದು ಬದಿಗೆ. ಒಂದನ್ನೇ ನಕಲು ಮಾಡಿ ಎರಡಕ್ಕೂ ಹಾಕಿದವರು ಇಲ್ಲೇ ಸಿಕ್ಕಿಬೀಳುತ್ತಾರೆ. ದಾಯಾಂನ ಬದಿಯ ಪಟ್ಟಿಗಳಿಗೆ ಸಿಕ್ಕಿಸುವ ಮರದ ಗಟ್ಟೆ ಎಂಟು ಇರಲಿ.

ಮುಂದಿನ ಕಛೇರಿಗೆ ಅದೇ ಟೀಚರ್ ಬಂದರು. ಪರದೆಯ ಮೇಲೆ ಕೊಡ, ಕುದುರೆ ಮತ್ತು ಎರಡು ಬಿಳಿ, ಎರಡು ಹಳದಿ ಗೆರೆ. ಆಚೆ ಬದಿಯಲ್ಲಿ ತಾಳದ ಮೂರು. ಹತ್ತಿರ ಬಂದು ಎಣಿಸಿದರು.

"ತಂತಿ ಸರಿ ಉಂಟು. ಲಂಗರು ಎಲ್ಲಿ ಮಾರಾಯ?"

ಕುದುರೆಯ ಹಿಂದೆ ಶ್ರುತಿ ಸೂಕ್ಷ್ಮವಾಗಿ ಹೊಂದಿಸಲು ತಂತಿಗೆ ಹಾಕುವ ಪುಟ್ಟ ಲಂಗರುಗಳನ್ನು ನಾನು ಮಾಡಿರಲೇ ಇಲ್ಲ. ಇಡೀ ವೀಣೆಯ ಚಿತ್ರದಲ್ಲಿ ಅವು ಕಾಣುತ್ತಲೇ ಇರಲಿಲ್ಲ. ಹತ್ತಿರದ ಚಿತ್ರದಲ್ಲಿ ಅವು ಇಲ್ಲದ್ದು ಎದ್ದು ಕಂಡಿತು.